ವಿದೇಶಿ ಗೆಸ್ಟ್‌ಗೆ ಪಾಸ್‌ಪೋರ್ಟ್ ಕಾಪಿ ಕೇಳಬೇಕು: ಕ್ಯಾನ್, ಕುಡ್, ವುಡ್, ಮೇ, ಯಾವುದು ಹಾಕಲಿ?

ನಾಪೋಕ್ಲು ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ತೋಟದ ಮನೆಯಲ್ಲೇ ಸಣ್ಣ ಹೋಂಸ್ಟೇ ನಡೆಸುತ್ತೇವೆ. ಶುಕ್ರವಾರ ನೆದರ್ಲೆಂಡ್ಸ್‌ನಿಂದ ಗಂಡ ಹೆಂಡತಿ ಬರುತ್ತಿದ್ದಾರೆ. ವಿದೇಶದವರು ಬಂದ 24 ಗಂಟೆ ಒಳಗೆ ಅವರ ವಿವರ ಆನ್‌ಲೈನಲ್ಲಿ ತುಂಬಬೇಕಲ್ವಾ, ನಾವೆಲ್ಲ ಫಾರ್ಮ್ ಸಿ ಅಂತ ಕರೆಯೋದು. ಅದಕ್ಕೆ ಪಾಸ್‌ಪೋರ್ಟ್, ವೀಸಾ ಕಾಪಿ ಮೊದಲೇ ತರಿಸಿಕೊಂಡರೆ ನಿರಾಳ. ಜೋರು ಮಳೆ ಬಂತು ಅಂದರೆ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ.

ಈಗ ಮನೆಯಲ್ಲಿ ಎರಡು ಮೆಸೇಜ್ ರೆಡಿ ಆಗಿವೆ. ಯಜಮಾನರು ಬರೆದಿದ್ದು: "ಸಾರಿ ಫಾರ್ ಡಿಸ್ಟರ್ಬಿಂಗ್ ಯು. ಇಫ್ ಪಾಸಿಬಲ್, ಮೇ ಯು ಕೈಂಡ್ಲಿ ಸೆಂಡ್ ಪಾಸ್‌ಪೋರ್ಟ್ ಕಾಪಿ." ಮಗಳು ಬರೆದಿದ್ದು: "ಯು ಹ್ಯಾವ್ ಟು ಸೆಂಡ್ ಪಾಸ್‌ಪೋರ್ಟ್ ಕಾಪಿ ಇಮಿಡಿಯಟ್ಲಿ. ಅದರ್‌ವೈಸ್ ರೂಮ್ ಕೆನಾಟ್ ಬಿ ಗಿವನ್." ಒಂದು ಕಾಲಿಗೆ ಬೀಳುವ ಹಾಗಿದೆ, ಇನ್ನೊಂದು ಸ್ಟೇಷನ್‌ನಿಂದ ಬಂದ ನೋಟಿಸ್ ಹಾಗಿದೆ. ನಡುವೆ ಏನಾದರೂ ಇದೆಯಾ? ಇದರ ಜೊತೆ ಇನ್ನೂ ಎರಡು ವಿಷಯ ಕೇಳಬೇಕು, ಊಟಕ್ಕೆ ಪಂದಿ ಕರಿ ಆಗುತ್ತದಾ ಅಂತ ಒಂದು, ಕತ್ತಲಾಗುವ ಮೊದಲು ಬಂದುಬಿಡಿ ಅಂತ ಇನ್ನೊಂದು.

ಸುಂಟಿಕೊಪ್ಪ ರೂಮ್ಸ್

ಮೇಡಂ, ಫಾರ್ಮ್ ಸಿ ತುಂಬೋಕೆ ಮೊದಲು ನಿಮ್ಮ ಹೋಂಸ್ಟೇ ಹೆಸರಲ್ಲಿ ಯೂಸರ್ ಐಡಿ ಮಾಡಿಸಿಕೊಳ್ಳಬೇಕು. ಆಮೇಲೆ ಗೆಸ್ಟ್ ಫೋಟೋ ಅಪ್‌ಲೋಡ್ ಮಾಡುವಾಗ ಫೈಲ್ ಸೈಜ್ ದೊಡ್ಡದಾದರೆ ತೆಗೆದುಕೊಳ್ಳಲ್ಲ. ಮೊಬೈಲಲ್ಲಿ ತೆಗೆದದ್ದನ್ನು ಚಿಕ್ಕದು ಮಾಡಿ ಹಾಕಿ.

ನಾಪೋಕ್ಲು ತೋಟದಮನೆ

ಅಣ್ಣ, ಐಡಿ ಇದೆ, ತುಂಬೋದೂ ಗೊತ್ತು. ನಾನು ಕೇಳಿದ್ದು ಇಂಗ್ಲಿಷ್ ಬಗ್ಗೆ 🙂

ಸುಂಟಿಕೊಪ್ಪ ರೂಮ್ಸ್

ಓ ಹಾಗಾ. ಸುಮ್ನೆ ಒಂದು ಪ್ಲೀಸ್ ಹಾಕಿ ಕಳಿಸಿ ಮೇಡಂ. "ಪ್ಲೀಸ್ ಸೆಂಡ್ ಪಾಸ್‌ಪೋರ್ಟ್." ನಾನು ಅಷ್ಟೇ ಹಾಕೋದು, ಎಲ್ಲರೂ ಕಳಿಸುತ್ತಾರೆ.

ನಿವೃತ್ತ ಮೇಷ್ಟ್ರು, ಗೋಣಿಕೊಪ್ಪ

ಇಂಗ್ಲಿಷ್ ಪಾಠ ಮಾಡಿದವನಾಗಿ ಹೇಳುತ್ತೇನೆ. ಕ್ಯಾನ್ ಅಂದರೆ ಶಕ್ತಿ. "ಕ್ಯಾನ್ ಯು ಸೆಂಡ್" ಅಂದರೆ ಕಳಿಸುವ ಸಾಮರ್ಥ್ಯ ನಿಮಗಿದೆಯೇ ಅಂತ ಕೇಳಿದಂತೆ, ಅದು ಕೋರಿಕೆಯೇ ಅಲ್ಲ. ಕುಡ್ ಅದರ ಭೂತಕಾಲ. ಎಲ್ಲಕ್ಕಿಂತ ಸಭ್ಯವಾದದ್ದು ಮೇ. ಹಾಗಾಗಿ ಯಜಮಾನರು ಬರೆದದ್ದೇ ಸರಿ, "ಇಫ್ ಪಾಸಿಬಲ್" ಒಂದನ್ನು ತೆಗೆಯಿರಿ.

ವಿರಾಜಪೇಟೆ ಫ್ರಂಟ್‌ಆಫೀಸ್

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಸ್ವಲ್ಪ ತಡೆಯುತ್ತೇನೆ. ಬೆಂಗಳೂರಲ್ಲಿ ಹೋಟೆಲ್ ರಿಸೆಪ್ಶನ್‌ನಲ್ಲಿ ವರ್ಷಗಟ್ಟಲೆ ನಿಂತವನು ನಾನು, ಆಮೇಲೆ ರಿಸರ್ವೇಶನ್ ಮೇಲ್ ಎಲ್ಲ ನಾನೇ ಬರೆಯುತ್ತಿದ್ದೆ. ಮೇ ಸಭ್ಯ ಅನ್ನೋದು ನಿಜ. ಆದರೆ ಅದು ಕೂರುವುದು ನಮ್ಮ ಪಕ್ಕದಲ್ಲಿ, ಎದುರಿನವರ ಪಕ್ಕದಲ್ಲಿ ಅಲ್ಲ. "ಮೇ ಐ ಸೀ ಯುವರ್ ಪಾಸ್‌ಪೋರ್ಟ್?" ಸರಿ. "ಮೇ ಐ ಹ್ಯಾವ್ ಎ ಕಾಪಿ?" ಇದೂ ಸರಿ, ಕೌಂಟರಲ್ಲಿ ದಿನವಿಡೀ ಹೇಳುತ್ತಿದ್ದದ್ದೇ ಇದು. "ಮೇ ಯು ಸೆಂಡ್" ಅಂದರೆ ಮಾತ್ರ ಕೋರಿಕೆ ಆಗಲ್ಲ. ಇಂಗ್ಲಿಷಿನವರಿಗೆ ಅದು "ನಿನಗೆ ಒಳ್ಳೆಯದಾಗಲಿ" ಅಂತ ಹರಸುವ ವಾಕ್ಯದ ಹಾಗೆ ಕೇಳುತ್ತದೆ. "ಮೇ ಯು ಲಿವ್ ಲಾಂಗ್" ಅಂತಾರಲ್ಲ, ಆ ಥರ. ನಮ್ಮಲ್ಲಿ "ಕಳಿಸಬಹುದಾ" ಅನ್ನೋ ಒಂದೇ ಮಾತು ಎಲ್ಲದಕ್ಕೂ ನಡೆಯುತ್ತದೆ, ಅದಕ್ಕೇ ಮೇ ಮತ್ತು ಕ್ಯಾನ್ ಅದಲು ಬದಲಾಗೋದು.

ಪ್ರಶ್ನಾರ್ಥಕ ಇಲ್ಲದೆ "ಯು ಮೇ ಸೆಂಡ್ ದಿ ಕಾಪಿ" ಅಂತ ಬರೆದರೆ ಇನ್ನೂ ತಮಾಷೆ. ಅವರು ಕಳಿಸೋಕೆ ಕಾಯುತ್ತಿದ್ದ ಹಾಗೆ, ನೀವು ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಟ್ಟ ಹಾಗೆ.

ಇನ್ನು ಕುಡ್. ಕೋರಿಕೆಯಲ್ಲಿ ಅದಕ್ಕೂ ನಿನ್ನೆಗೂ ಸಂಬಂಧ ಇಲ್ಲ. "ಕುಡ್ ಯು ಸೆಂಡ್" ಅಂದರೆ ಇವತ್ತಿನದೇ ಮಾತು, ಕ್ಯಾನ್‌ಗಿಂತ ಒಂದು ಹೆಜ್ಜೆ ಹಿಂದೆ ನಿಂತು ಕೇಳಿದ ಹಾಗೆ, ಅಷ್ಟೇ.

ನಿವೃತ್ತ ಮೇಷ್ಟ್ರು, ಗೋಣಿಕೊಪ್ಪ

"ಮೇ ಯು" ವಿಷಯ ಒಪ್ಪುತ್ತೇನೆ, ನಾನು "ಮೇ ಐ" ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಆದರೆ "ಕ್ಯಾನ್ ಐ" ಅಂತ ಅನುಮತಿ ಕೇಳುವುದು ತಪ್ಪು. ಕ್ಲಾಸಲ್ಲಿ "ಕ್ಯಾನ್ ಐ ಕಮ್ ಇನ್" ಅಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ.

ವಿರಾಜಪೇಟೆ ಫ್ರಂಟ್‌ಆಫೀಸ್

ಕ್ಲಾಸಲ್ಲಿ ನಿಲ್ಲಿಸಿ ಮೇಷ್ಟ್ರೇ. ಕೌಂಟರ್ ಮುಂದೆ ಇಂಗ್ಲೆಂಡಿನವರೇ ಬಂದು "ಕ್ಯಾನ್ ಐ ಹ್ಯಾವ್ ದಿ ಕೀ" ಅಂತ ಕೇಳುತ್ತಾರೆ, ಅವರನ್ನು ಎಲ್ಲಿ ನಿಲ್ಲಿಸೋದು 🙂

ನಿವೃತ್ತ ಮೇಷ್ಟ್ರು, ಗೋಣಿಕೊಪ್ಪ

ಅವರು ಮಾತಾಡಿದ್ದೆಲ್ಲ ಸರಿ ಎಂದಾದರೆ ವ್ಯಾಕರಣ ಯಾಕೆ ಬೇಕು. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ವಿರಾಜಪೇಟೆ ಫ್ರಂಟ್‌ಆಫೀಸ್

ಸರಿ ಬಿಡಿ. ಅಕ್ಕನ ಪ್ರಶ್ನೆಗೆ ಬರುತ್ತೇನೆ.

ಅಕ್ಕ, ಪದ ಆರಿಸುವ ಮೊದಲು ಒಂದು ನೋಡಿ, ಎದುರಿನವರಿಗೆ "ಇಲ್ಲ" ಅನ್ನುವ ಅವಕಾಶ ಇದೆಯಾ? ನಿಮ್ಮ ಮೂರು ವಿಷಯವೂ ಮೂರು ಥರ. ಪಾಸ್‌ಪೋರ್ಟ್‌ಗೆ ಇಲ್ಲ ಅನ್ನುವ ಹಾಗಿಲ್ಲ, ಅದು ಕಾನೂನು. ಪಂದಿ ಕರಿ ಪೂರ್ತಿ ಅವರ ಇಷ್ಟ. ಕತ್ತಲಾಗುವ ಮೊದಲು ಬರೋದು ಅವರ ಒಳ್ಳೆಯದಕ್ಕೇ ಹೇಳುವ ಮಾತು.

ಪಾಸ್‌ಪೋರ್ಟ್ ತಗೊಳ್ಳಿ. ಯಜಮಾನರ ಮೆಸೇಜ್ ಯಾಕೆ ಸೋಲುತ್ತದೆ ಅಂದರೆ, ಅದರಲ್ಲಿ ಸಾರಿ, ಇಫ್ ಪಾಸಿಬಲ್, ಮೇ, ಕೈಂಡ್ಲಿ, ನಾಲ್ಕೂ ಇವೆ, ಆದರೆ ಯಾಕೆ ಬೇಕು, ಯಾವಾಗ ಬೇಕು ಅನ್ನೋದೇ ಇಲ್ಲ. "ಇಫ್ ಪಾಸಿಬಲ್" ಅಂದಿದ್ದಕ್ಕೆ ಅವರು ಕಳಿಸದೆ ಬಂದರೆ ತಪ್ಪು ಅವರದಲ್ಲ, ನೀವೇ ಬಾಗಿಲು ತೆರೆದಿಟ್ಟಿದ್ದೀರಿ. ಮಗಳದ್ದರಲ್ಲಿ ಬೆದರಿಕೆ ಇದೆ, ಕಾರಣ ಅದರಲ್ಲೂ ಇಲ್ಲ. ದುಡ್ಡು ಕೊಟ್ಟು ಬರುವವರು ಇನ್ನೂ ಹೊಸ್ತಿಲು ದಾಟಿಲ್ಲ, ಆಗಲೇ ರೂಮ್ ಕೊಡಲ್ಲ ಅಂದರೆ ಹೇಗೆ.

ನಾನಾದರೆ ಎರಡು ವಾಕ್ಯ ಮಾಡುತ್ತೇನೆ. ಮೊದಲನೆಯದು ಬರೀ ವಿಷಯ, ಕೋರಿಕೆ ಏನೂ ಇಲ್ಲ: "ವಿ ನೀಡ್ ಟು ರಿಜಿಸ್ಟರ್ ಫಾರಿನ್ ಗೆಸ್ಟ್ಸ್ ವಿದಿನ್ 24 ಅವರ್ಸ್ ಆಫ್ ಅರೈವಲ್." ಎರಡನೆಯದು ಕೋರಿಕೆ: "ಕುಡ್ ಯು ಸೆಂಡ್ ಅಸ್ ದಿ ಫೋಟೋ ಪೇಜ್ ಆಫ್ ಯುವರ್ ಪಾಸ್‌ಪೋರ್ಟ್ಸ್ ಅಂಡ್ ಯುವರ್ ವೀಸಾಸ್ ಬೈ ಥರ್ಸ್‌ಡೇ ಈವ್ನಿಂಗ್?" ಮೆದು ಮಾಡೋಕೆ ಒಂದೇ ಒಂದು ಕುಡ್. ಗಟ್ಟಿತನ ಎಲ್ಲ ಕಾರಣದಲ್ಲಿದೆ, ಗುರುವಾರ ಸಂಜೆ ಅನ್ನೋದರಲ್ಲಿದೆ, ಯಾವ ಪುಟ ಅಂತ ಹೇಳಿದ್ದರಲ್ಲಿದೆ. ಓದಿದವರಿಗೆ ಇದು ತಪ್ಪಿಸಿಕೊಳ್ಳುವಂಥದ್ದಲ್ಲ ಅಂತ ಗೊತ್ತಾಗುತ್ತದೆ, ಹಾಗಂತ ಯಾರೂ ಗದರಿಸಿದ ಹಾಗೂ ಅನ್ನಿಸಲ್ಲ.

ಕೈಂಡ್ಲಿ ಬೇಡ. ನಮ್ಮ ಆಫೀಸುಗಳಲ್ಲಿ ನಡೆಯುತ್ತದೆ. ಹೊರಗಿನವರಿಗೆ ಅದು ಗೋಡೆ ಮೇಲಿನ ಬೋರ್ಡ್ ಓದಿದ ಹಾಗೆ.

ಸುಂಟಿಕೊಪ್ಪ ರೂಮ್ಸ್

ಇಷ್ಟೆಲ್ಲ ಬೇಕಾ? "ಪ್ಲೀಸ್ ಸೆಂಡ್" ಅಂದರೆ ಏನು ತಪ್ಪು? ಕನ್ನಡದಲ್ಲಿ "ಕಳಿಸಿ" ಅಂದರೆ ಮರ್ಯಾದೆಯೇ ತಾನೆ.

ವಿರಾಜಪೇಟೆ ಫ್ರಂಟ್‌ಆಫೀಸ್

ಕನ್ನಡದಲ್ಲಿ ಆ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಕೂತಿದೆ ಅಣ್ಣ. ಕಳಿಸು, ಕಳಿಸಿ, ಎರಡೂ ಬೇರೆ. ಇಂಗ್ಲಿಷಿನ "ಸೆಂಡ್"ಗೆ ಅಂಥ ಬಾಲ ಇಲ್ಲ, ಎಲ್ಲರಿಗೂ ಒಂದೇ. ಪ್ಲೀಸ್ ಹಾಕಿದರೂ ಅದು ಸ್ವಲ್ಪ ನಯವಾದ ಆಜ್ಞೆ. ತಪ್ಪು ಅಂತಲ್ಲ, ಎಲ್ಲಿ ಹಾಕಬೇಕು ಅಂತ ನೋಡಬೇಕು. ಅವರಿಗೆ ಅನುಕೂಲ ಆಗುವ ಮಾತಿಗೆ ಅದೇ ಚೆಂದ. "ಪ್ಲೀಸ್ ಕಮ್ ಇನ್", "ಪ್ಲೀಸ್ ಹ್ಯಾವ್ ಸಮ್ ಕಾಫಿ", "ಟೇಕ್ ದಿ ಲೆಫ್ಟ್ ಆಫ್ಟರ್ ದಿ ಬ್ರಿಡ್ಜ್". ಇಲ್ಲೆಲ್ಲ ಕುಡ್ ಹಾಕಿದರೇ ವಿಚಿತ್ರ, "ಕುಡ್ ಯು ಹ್ಯಾವ್ ಕಾಫಿ" ಅಂದರೆ ಅವರು ಕುಡಿದು ನಮಗೆ ಉಪಕಾರ ಮಾಡಬೇಕು ಅಂದ ಹಾಗೆ. ನಮಗೆ ಅನುಕೂಲ ಆಗುವ, ಅವರಿಗೆ ಕೆಲಸ ಕೊಡುವ ಮಾತಾದರೆ ಕೇಳುವ ರೂಪ ಬೇಕು.

ಸುಂಟಿಕೊಪ್ಪ ರೂಮ್ಸ್

ಹ್ಮ್. ಆದರೂ ನನಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ.

ಸೋಮವಾರಪೇಟೆ ಕರಿಮೆಣಸು

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಗೆಸ್ಟ್ ವಿಷಯ ಅಲ್ಲ, ದುಡ್ಡಿನ ವಿಷಯ. ಹೊರ ರಾಜ್ಯದ ಒಬ್ಬ ವ್ಯಾಪಾರಿಗೆ 60 ಕೆ.ಜಿ. ಕರಿಮೆಣಸು ಕಳಿಸಿದ್ದೇನೆ, ಹತ್ತನೇ ತಾರೀಕು ದುಡ್ಡು ಬರಬೇಕಿತ್ತು, ಬಂದಿಲ್ಲ. ಮೆದುವಾಗಿ ಇರಲಿ ಅಂತ "ಯು ಕುಡ್ ಹ್ಯಾವ್ ಪೇಯ್ಡ್ ಬೈ ನೌ" ಅಂತ ಬರೆದು ಇಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಕುಡ್ ಇದೆಯಲ್ಲ, ಸಾಕಲ್ವಾ?

ವಿರಾಜಪೇಟೆ ಫ್ರಂಟ್‌ಆಫೀಸ್

ಕಳಿಸಬೇಡಿ ಅಣ್ಣ! ಅಲ್ಲಿರುವ ಕುಡ್ ಬೇರೆ. "ಕುಡ್ ಹ್ಯಾವ್" ಬಂದ ತಕ್ಷಣ ಅದು ಕೋರಿಕೆ ಅಲ್ಲ, ದೂರು. "ಇಷ್ಟೊತ್ತಿಗೆ ಕೊಡಬಹುದಿತ್ತಲ್ಲ" ಅಂತ ಮುಖ ಸಿಂಡರಿಸಿ ಹೇಳಿದ ಹಾಗೆ. ಹಾಗಂತ "ಕ್ಯಾನ್ ಯು ಪೇ?" ಅಂತಲೂ ಕೇಳಬೇಡಿ, ಬರೀ ಅಷ್ಟೇ ಬರೆದರೆ ಕೊಡೋಕೆ ದುಡ್ಡಿದೆಯಾ ಅಂತ ಕೇಳಿದಂತೆ ಆದೀತು. ಮೇಷ್ಟ್ರು ಹೇಳಿದ ಶಕ್ತಿಯ ಅರ್ಥ ಇಲ್ಲಿ ಮಾತ್ರ ಎದ್ದು ನಿಲ್ಲುತ್ತದೆ. ದಿನ ಸೇರಿಸಿ: "ದಿ ಪೇಮೆಂಟ್ ಫಾರ್ 60 ಕೆಜಿ ವಾಸ್ ಡ್ಯೂ ಆನ್ ದಿ ಟೆಂತ್. ಕುಡ್ ಯು ಲೆಟ್ ಮಿ ನೋ ವಿಚ್ ಡೇ ಐ ಕ್ಯಾನ್ ಎಕ್ಸ್‌ಪೆಕ್ಟ್ ಇಟ್?"

ಕುಶಾಲನಗರ ಅಕೌಂಟ್ಸ್

ಇದಕ್ಕೆ ನನ್ನ ತಕರಾರು ಇದೆ. ವಸೂಲಿ ಮೇಲ್ ಬರೆಯೋದೇ ನನ್ನ ದಿನದ ಕೆಲಸ. "ಲೆಟ್ ಮಿ ನೋ ವಿಚ್ ಡೇ" ಅಂದರೆ ಉತ್ತರ ಬರೋದು "ವಿಲ್ ಲೆಟ್ ಯು ನೋ" ಅಂತ. ದಿನ ಆರಿಸೋದನ್ನು ಅವರ ಕೈಗೆ ಕೊಟ್ಟುಬಿಟ್ಟಿರಿ. ನಾನು "ಕ್ಯಾನ್ ಯು ಟ್ರಾನ್ಸ್‌ಫರ್ ಇಟ್ ಬೈ ಫ್ರೈಡೇ?" ಅಂತಲೇ ಬರೆಯುತ್ತೇನೆ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಲೇಬೇಕು. ದಿನ ಇರುವಾಗ ಕ್ಯಾನ್ ಒರಟಾಗಿ ಕಾಣೋದೂ ಇಲ್ಲ.

ವಿರಾಜಪೇಟೆ ಫ್ರಂಟ್‌ಆಫೀಸ್

ಎರಡನೇ ಸಲಕ್ಕಾದರೆ ನಾನೂ ಹಾಗೇ ಬರೆಯುತ್ತೇನೆ. ಮೊದಲ ಸಲವೇ ಬೇಡ ಅಂತ ನನ್ನ ಲೆಕ್ಕ, ಮುಂದಿನ ವರ್ಷವೂ ಅವರಿಗೇ ಮಾರಬೇಕಲ್ವಾ.

ಕುಶಾಲನಗರ ಅಕೌಂಟ್ಸ್

ಈ ವರ್ಷದ್ದು ಬಂದರೆ ತಾನೇ ಮುಂದಿನ ವರ್ಷದ್ದು 😄

ಸೋಮವಾರಪೇಟೆ ಕರಿಮೆಣಸು

ನಾನು ಶುಕ್ರವಾರದ್ದನ್ನೇ ಹಾಕುತ್ತೇನೆ. ಇಬ್ಬರಿಗೂ ಥ್ಯಾಂಕ್ಸ್.

ನಾಪೋಕ್ಲು ತೋಟದಮನೆ

ನನ್ನ ಪಂದಿ ಕರಿ ಎಲ್ಲಿಗೆ ಬಂತು?

ವಿರಾಜಪೇಟೆ ಫ್ರಂಟ್‌ಆಫೀಸ್

ಬಂದೆ ಅಕ್ಕ. ಊಟಕ್ಕೆ ವುಡ್. ನೀವು ಕೊಡುವವರು, ಅವರು ಆರಿಸುವವರು, ಅಲ್ಲಿ ಕೇಳೋದು ಅವರ ಇಷ್ಟ. "ವುಡ್ ಯು ಲೈಕ್ ಟು ಟ್ರೈ ಪಂದಿ ಕರಿ, ಅವರ್ ಲೋಕಲ್ ಪೋರ್ಕ್ ಡಿಶ್, ಆರ್ ವುಡ್ ಯು ಪ್ರಿಫರ್ ವೆಜಿಟೇರಿಯನ್?" ಇಲ್ಲ ಅನ್ನೋಕೆ ಸುಲಭ, ಹೌದು ಅನ್ನೋಕೂ ಸುಲಭ.

ಆದರೆ ಇದೇ "ವುಡ್ ಯು ಲೈಕ್ ಟು" ಅನ್ನು ಪಾಸ್‌ಪೋರ್ಟ್‌ಗೆ ಹಾಕಬೇಡಿ. "ವುಡ್ ಯು ಲೈಕ್ ಟು ಸೆಂಡ್ ಯುವರ್ ಪಾಸ್‌ಪೋರ್ಟ್?" ಅಂದರೆ "ನೋ, ಥ್ಯಾಂಕ್ ಯು" ಅಂತ ಉತ್ತರ ಬಂದರೂ ಬಂತು. "ವುಡ್ ಯು ಸೆಂಡ್" ಅಂದರೆ ಕೋರಿಕೆಯೇ. ಅದು ಮನಸ್ಸಿದೆಯಾ ಅಂತ ಕೇಳುತ್ತದೆ, ಕುಡ್ ಅನುಕೂಲ ಇದೆಯಾ ಅಂತ ಕೇಳುತ್ತದೆ. ಅನುಕೂಲ ಇಲ್ಲ ಅನ್ನೋಕೆ ಯಾರಿಗೂ ಮುಜುಗರ ಇಲ್ಲ, ಅದಕ್ಕೇ ಪರಿಚಯ ಇಲ್ಲದವರಿಗೆ ನಾನು ಕುಡ್ ಕಡೆಗೇ ವಾಲೋದು. ಫೋನಲ್ಲಿ "ವುಡ್ ಯು ಪ್ಲೀಸ್" ಅನ್ನುವಾಗ ಪ್ಲೀಸ್ ಮೇಲೆ ಒತ್ತು ಬಿದ್ದರೆ ಇನ್ನೊಂದು ಕಥೆ, ಸಾಕಾಯ್ತಪ್ಪ ಅಂತ ಹೇಳಿದ ಹಾಗೆ ಕೇಳುತ್ತದೆ.

ನಾಪೋಕ್ಲು ತೋಟದಮನೆ

ಸರಿ. ಕತ್ತಲೆ ವಿಷಯ? ಸಂಜೆ ಆರರ ಮೇಲೆ ಮಂಜು ಇಳಿದರೆ ನಮ್ಮ ತಿರುವಿನಲ್ಲಿ ಗೊತ್ತಿರುವವರಿಗೇ ಕಷ್ಟ. ಮಗಳು "ಯು ಮೇ ವಾಂಟ್ ಟು ಅರೈವ್ ಬಿಫೋರ್ ಸಿಕ್ಸ್" ಅಂತ ಹಾಕೋಣ ಅನ್ನುತ್ತಾಳೆ. ಮೇ ಇಲ್ಲಿ ಬರುತ್ತದಾ?

ವಿರಾಜಪೇಟೆ ಫ್ರಂಟ್‌ಆಫೀಸ್

ಮಗಳು ಚುರುಕಿದ್ದಾಳೆ! ಬರುತ್ತದೆ, ಒಳ್ಳೆಯ ಇಂಗ್ಲಿಷ್ ಅದು. ಇಂಗ್ಲೆಂಡಿನವರಿಗೆ ಅಷ್ಟು ಹೇಳಿದರೆ ಸಾಕು, ಇದು ಎಚ್ಚರಿಕೆ ಅಂತ ಹಿಡಿದುಕೊಳ್ಳುತ್ತಾರೆ. ಆದರೆ ನಿಮ್ಮ ಗೆಸ್ಟ್‌ಗೂ ಇಂಗ್ಲಿಷ್ ಎರಡನೇ ಭಾಷೆ. "ನಿಮಗೆ ಬೇಕು ಅನ್ನಿಸಬಹುದು" ಅಂತ ಅಕ್ಷರಕ್ಕೆ ಅಕ್ಷರ ಓದಿಕೊಂಡು, ನಮಗೆ ಅನ್ನಿಸಲಿಲ್ಲ ಅಂತ ಒಂಬತ್ತಕ್ಕೆ ಬಂದರೆ? ರಸ್ತೆ, ಆನೆ, ಮಳೆ, ಇಂಥದ್ದರಲ್ಲಿ ನಯ ಕಡಿಮೆ ಆದರೂ ಪರವಾಗಿಲ್ಲ. "ಪ್ಲೀಸ್ ಟ್ರೈ ಟು ಅರೈವ್ ಬಿಫೋರ್ ಸಿಕ್ಸ್. ದಿ ಲಾಸ್ಟ್ ಸ್ಟ್ರೆಚ್ ಈಸ್ ನ್ಯಾರೋ ಅಂಡ್ ಮಿಸ್ಟಿ ಆಫ್ಟರ್ ಡಾರ್ಕ್." ಸುಂಟಿಕೊಪ್ಪ ಅಣ್ಣನ ಪ್ಲೀಸ್‌ಗೆ ಸರಿಯಾದ ಜಾಗ ಇದು.

ಸುಂಟಿಕೊಪ್ಪ ರೂಮ್ಸ್

ಕೊನೆಗೂ ಗೆದ್ದೆ.

ನಿವೃತ್ತ ಮೇಷ್ಟ್ರು, ಗೋಣಿಕೊಪ್ಪ

ಒಂದು ಪ್ರಶ್ನೆ. ಗುರುವಾರ ಸಂಜೆಯಾದರೂ ಅವರು ಕಳಿಸದಿದ್ದರೆ? ನಿಮ್ಮ ಕುಡ್ ಆಗ ಏನು ಮಾಡುತ್ತದೆ?

ವಿರಾಜಪೇಟೆ ಫ್ರಂಟ್‌ಆಫೀಸ್

ಒಳ್ಳೆಯ ಪ್ರಶ್ನೆ ಸರ್. ಅದೇ ಮೆಸೇಜನ್ನು ಮತ್ತೆ ಕಳಿಸೋದೂ ಬೇಡ, ಒಮ್ಮೆಗೇ "ಯು ಮಸ್ಟ್"ಗೆ ಹಾರೋದೂ ಬೇಡ. ಕುಡ್ ತೆಗೆದು ಕ್ಯಾನ್ ಹಾಕಿ, ಹೊತ್ತು ಹತ್ತಿರ ತನ್ನಿ: "ವಿ ಹ್ಯಾವೆಂಟ್ ರಿಸೀವ್ಡ್ ಯುವರ್ ಪಾಸ್‌ಪೋರ್ಟ್ ಕಾಪೀಸ್ ಯೆಟ್. ಕ್ಯಾನ್ ಯು ಸೆಂಡ್ ದೆಮ್ ಟುನೈಟ್?" ಇಲ್ಲೂ "ಯು ಹ್ಯಾವೆಂಟ್ ಸೆಂಟ್" ಅಂದಿಲ್ಲ ನೋಡಿ, "ನಮಗೆ ಬಂದಿಲ್ಲ" ಅಂದಿದ್ದೇನೆ. ಕಳಿಸಿಯೂ ತಲುಪದೆ ಇದ್ದಿರಬಹುದು, ನಮ್ಮ ಕಡೆ ಸಿಗ್ನಲ್ ಕಥೆ ಗೊತ್ತಲ್ಲ.

ಬರಿಗೈಯಲ್ಲೇ ಬಂದರೆ ಬಾಗಿಲಲ್ಲಿ "ಮೇ ಐ ಸೀ ಯುವರ್ ಪಾಸ್‌ಪೋರ್ಟ್ಸ್, ಪ್ಲೀಸ್?" ನಿಮ್ಮ ಮೇ ಬರೋದು ಅಲ್ಲಿ. ಅಲ್ಲೂ ಆಗಲ್ಲ ಅಂದರೆ ಆಮೇಲೆ ಕೋರಿಕೆ ಮುಗಿಯಿತು, ಕಾನೂನು ಹೇಳಬೇಕು: "ಐಯಾಮ್ ಅಫ್ರೇಡ್ ವಿ ಕಾಂಟ್ ಚೆಕ್ ಯು ಇನ್ ವಿದೌಟ್ ದೆಮ್." ಇಲ್ಲಿ "ಕುಡಂಟ್" ಹಾಕಿದರೆ ಚೌಕಾಸಿ ಶುರುವಾಗುತ್ತದೆ.

ನಿವೃತ್ತ ಮೇಷ್ಟ್ರು, ಗೋಣಿಕೊಪ್ಪ

ಹೊಸ್ತಿಲಿನವರೆಗೆ ಕುಡ್, ಹೊಸ್ತಿಲಲ್ಲಿ ಮೇ. ಒಪ್ಪಿದೆ. "ಕ್ಯಾನ್ ಐ" ಮಾತ್ರ ಇಲ್ಲ.

ನಾಪೋಕ್ಲು ತೋಟದಮನೆ

ಮೆಸೇಜ್ ಕಳಿಸಿದೆ. ಒಂದೇ ಗಂಟೆಯಲ್ಲಿ ಪಾಸ್‌ಪೋರ್ಟ್, ವೀಸಾ ಎರಡೂ ಬಂತು, ಪಂದಿ ಕರಿ ಬೇಕಂತೆ. ಆದರೆ ಈಗ ಅವರೇ ಎರಡು ಕೇಳಿದ್ದಾರೆ, ಉತ್ತರ ಬರೆಯುವ ಮೊದಲು ತೋರಿಸುತ್ತೇನೆ. ಒಂದು: "ಕುಡ್ ಯು ಅರೇಂಜ್ ಎ ಜೀಪ್ ಟು ಮಾಂದಲ್‌ಪಟ್ಟಿ ಆನ್ ಸಾಟರ್ಡೇ?" ಇನ್ನೊಂದು: "ವುಡ್ ಯು ಮೈಂಡ್ ಇಫ್ ವಿ ಅರೈವ್ಡ್ ಅಟ್ ಎಲೆವೆನ್?" ಯಜಮಾನರು ಎರಡಕ್ಕೂ ಸೇರಿಸಿ "ಯೆಸ್, ವಿ ಕುಡ್" ಅಂತ ಟೈಪ್ ಮಾಡಿ ಕೂತಿದ್ದಾರೆ.

ಕುಶಾಲನಗರ ಅಕೌಂಟ್ಸ್

ತಡೆಯಿರಿ ತಡೆಯಿರಿ, ಎಂಟರ್ ಒತ್ತಬೇಡಿ ಅನ್ನಿ.

ವಿರಾಜಪೇಟೆ ಫ್ರಂಟ್‌ಆಫೀಸ್

ಪ್ರಶ್ನೆಯಲ್ಲಿ ಕುಡ್ ಇದ್ದರೂ ಉತ್ತರದಲ್ಲಿ ಬೇಡ ಅಕ್ಕ. "ವಿ ಕುಡ್" ಅಂದರೆ "ಮಾಡಬಹುದಿತ್ತು, ಆದರೆ..." ಅಂತ ಎಳೆದ ಹಾಗೆ, ಅವರು ಆ ಆದರೆಗೆ ಕಾಯುತ್ತಾ ಕೂರುತ್ತಾರೆ. ಜೀಪ್‌ಗೆ "ಯೆಸ್, ವಿ ಕ್ಯಾನ್" ಅನ್ನಿ, ಎಷ್ಟಾಗುತ್ತದೆ, ಎಷ್ಟು ಗಂಟೆಗೆ ಹೊರಡಬೇಕು ಅಂತ ಕೆಳಗೇ ಬರೆಯಿರಿ.

ಎರಡನೆಯದಕ್ಕೆ ಯೆಸ್ ಅಂದರೆ ಎಡವಟ್ಟು. ಅವರು ಕೇಳಿದ್ದು ಬೇಗ ಬಂದರೆ ತೊಂದರೆ ಆಗುತ್ತದಾ ಅಂತ. ಯೆಸ್ ಅಂದರೆ ಹೌದು, ತೊಂದರೆ ಆಗುತ್ತದೆ ಅಂತ ಅರ್ಥ. ರೂಮ್ ಖಾಲಿ ಇದ್ದರೆ "ನಾಟ್ ಅಟ್ ಆಲ್, ಇಲೆವೆನ್ ಈಸ್ ಫೈನ್" ಅಂತ ಹಾಕಿ. ಹಿಂದಿನ ಗೆಸ್ಟ್ ಇನ್ನೂ ಇರುತ್ತಾರಾ?

ನಾಪೋಕ್ಲು ತೋಟದಮನೆ

ಅವರು ಹನ್ನೆರಡಕ್ಕೆ ಹೊರಡೋದು. ಒಂದು ಗಂಟೆ ಹಾಲಲ್ಲಿ ಕೂರಬೇಕಾಗುತ್ತದೆ.

ವಿರಾಜಪೇಟೆ ಫ್ರಂಟ್‌ಆಫೀಸ್

ಹಾಗಾದರೆ "ಯು'ರ್ ವೆಲ್ಕಮ್ ಟು ಕಮ್ ಅಟ್ ಎಲೆವೆನ್ ಅಂಡ್ ಹ್ಯಾವ್ ಕಾಫಿ ವಿತ್ ಅಸ್. ಯುವರ್ ರೂಮ್ ವಿಲ್ ಬಿ ರೆಡಿ ಬೈ ಒನ್." ಕ್ಯಾನೂ ಇಲ್ಲ, ಕುಡ್ಡೂ ಇಲ್ಲ, ಒಂದು ಗಂಟೆ ಅಂತ ಹೇಳಿದರೆ ರೂಮ್ ತೊಳೆಯೋಕೂ ಟೈಮ್ ಸಿಗುತ್ತದೆ.

ನಾಪೋಕ್ಲು ತೋಟದಮನೆ

ಅದನ್ನೇ ಕಳಿಸಿದೆ. ಯಜಮಾನರ ಕೈಯಿಂದ ಫೋನ್ ಮಗಳು ತಗೊಂಡಿದ್ದಾಳೆ.